ನೋಟಿಸಿನಲ್ಲಿ ಕನ್ನಡ ಅಂಕಿಯ ದಿನಾಂಕ: ನನ್ನ ಅನುಭವ

ನಮ್ಮೂರ ಸಹಕಾರ ಸಂಘದ ಸಾಲ ವಸೂಲಿ ನೋಟಿಸುಗಳನ್ನು ನಾನೇ ಡಿಟಿಪಿ ಮಾಡಿಕೊಡುತ್ತೇನೆ. ಸಲಕ್ಕೆ ಮುನ್ನೂರೈವತ್ತರ ಆಸುಪಾಸು ಇರುತ್ತವೆ. ಹೊಸ ಅಧ್ಯಕ್ಷರು ಬಂದವರೇ, ದಿನಾಂಕ ಪೂರ್ತಿ ಕನ್ನಡದಲ್ಲೇ ಇರಬೇಕು ಎಂದರು. ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು, "ಇದೆಲ್ಲ ಆಗೋ ಕೆಲಸ ಅಲ್ಲ ಮಾರಾಯ್ರೆ, ಇಂಗ್ಲಿಷ್ ಅಂಕಿನೇ ಹಾಕಿ ಕೊಡಿ" ಎಂದರು. ಈಗ ಅವರೇ ಬೇರೆ ಸಂಘದವರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಎಲ್ಲರ ಹಾಗೆ ನುಡಿ ತಂತ್ರಾಂಶದ k ಫಾಂಟ್ ಹಿಡಿದೆ. ತೆರೆಯ ಮೇಲೆ ಚೆಂದ. ಆದರೆ ಒಳಗೆ ಕೂತಿರುವುದು ಮಾಮೂಲಿ 1, 2, 3. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಸಂಘದ ಕಂಪ್ಯೂಟರಿನಲ್ಲಿ e ಫಾಂಟ್ ಹಾಕಿ ತೆರೆದರು, ಅಂಕಿಗಳೆಲ್ಲ ಇಂಗ್ಲಿಷ್ ಆದವು. ಯೂನಿಕೋಡಿಗೆ ಬದಲಾಯಿಸಿದಾಗಲೂ ತಿಂಗಳ ಹೆಸರು ಕನ್ನಡದಲ್ಲಿ ಉಳಿಯಿತು, ಅಂಕಿ ಉಳಿಯಲಿಲ್ಲ.

ಆಮೇಲೆ ಎಕ್ಸೆಲ್. ಸೆಲ್ ಫಾರ್ಮ್ಯಾಟಿನಲ್ಲಿ ಕನ್ನಡ ಅಂಕಿ ಬರಿಸಬಹುದು, ಬಂತು ಕೂಡ. ಆದರೆ ಪಟ್ಟಿಯಿಂದ ಒಂದೊಂದು ನೋಟಿಸಿಗೂ ವಿವರ ತುಂಬುವ ವರ್ಡಿನ ಮೇಲ್ ಮರ್ಜಿಗೆ ಸೆಲ್ಲಿನ ವೇಷ ಹೋಗುವುದಿಲ್ಲ, ಒಳಗಿನ ಬೆಲೆ ಮಾತ್ರ ಹೋಗುತ್ತದೆ. 2024ರ ಸೆಪ್ಟೆಂಬರ್ 5ರ ಸಾಲ ನೋಟಿಸಿನಲ್ಲಿ 9/5/2024 ಎಂದು ಅಚ್ಚಾಯಿತು. ನಮ್ಮವರು ಅದನ್ನು ಮೇ 9 ಎಂದೇ ಓದುತ್ತಾರೆ, ಅಲ್ವಾ? ಆ ಕಂತೆಯಷ್ಟೂ ರದ್ದಿಗೆ ಹೋಯಿತು. ಕಾಗದ, ಟೋನರ್, ಹುಡುಗನ ಕೂಲಿ ಸೇರಿ ಎರಡು ಸಾವಿರದ ಹತ್ತಿರ ಕೈಬಿಟ್ಟಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಇದು. ವೇಷ ಬೇಡ, ಅಕ್ಷರವನ್ನೇ ಕೂರಿಸಬೇಕು. ಯೂನಿಕೋಡಿನಲ್ಲಿ ೦ಯ ಸಂಖ್ಯೆ 3302. ಅಲ್ಲಿಂದ ಮುಂದೆ ೯ರವರೆಗೆ ಸಾಲಾಗಿ ಇವೆ. M ಕಾಲಂನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ನಾವೇ ಟೈಪ್ ಮಾಡಿಕೊಂಡರೆ ಕಾಗುಣಿತವೂ ನಮ್ಮ ಕೈಯಲ್ಲಿ. ಆಗಸ್ಟೋ ಅಗಸ್ಟೋ ಎಂಬ ಜಗಳ ಒಂದೇ ಸಲಕ್ಕೆ ಮುಗಿಯುತ್ತದೆ. B2ರಲ್ಲಿ ದಿನಾಂಕ ಇದ್ದರೆ, ದಿನಕ್ಕೊಂದು ಕಾಲಂ, ತಿಂಗಳಿಗೊಂದು:

```
=UNICHAR(3302+INT(DAY(B2)/10))&UNICHAR(3302+MOD(DAY(B2),10))
=INDEX($M$1:$M$12,MONTH(B2))
```

ವರ್ಷಕ್ಕೂ ಮೊದಲಿನ ಸಾಲೇ. `DAY(B2)` ಇದ್ದ ಕಡೆ `MOD(YEAR(B2),100)` ಹಾಕಿ, = ಆದಮೇಲೆ `"೨೦"&` ಸೇರಿಸಿದರೆ ಸಾಕು. ವಾರವನ್ನೂ ಇದೇ ಥರ ಪಟ್ಟಿಯಿಂದ ತರುತ್ತೇನೆ. ಮೇಲೆ ಹೇಳಿದ ಸಾಲದ ದಿನಾಂಕ ಈಗ "೦೫ ಸೆಪ್ಟೆಂಬರ್ ೨೦೨೪, ಗುರುವಾರ" ಎಂದು ಬರುತ್ತದೆ. ಇವೆಲ್ಲ ಪಠ್ಯವಾದ್ದರಿಂದ ಮರ್ಜಿನಲ್ಲಿ ಏನೂ ಕಳಚುವುದಿಲ್ಲ. ದಿನಕ್ಕೆ ಎರಡು ಅಂಕಿ ಬೇಕೆಂದೇ ಇಟ್ಟಿದ್ದೇನೆ. ಬರೀ ೫ ಇದ್ದರೆ ಎಡಕ್ಕೆ ೧ ಸೇರಿಸುವ ಪುಣ್ಯಾತ್ಮರು ಇರುತ್ತಾರೆ.

#VALUE! ಬಂದರೆ ಸೂತ್ರವನ್ನು ಬೈಯಬೇಡಿ. ಸಂಘದವರು 05.09.2024 ಎಂದು ಚುಕ್ಕಿ ಇಟ್ಟು ಟೈಪ್ ಮಾಡಿರುತ್ತಾರೆ, ಎಕ್ಸೆಲ್‌ಗೆ ಅದು ದಿನಾಂಕವೇ ಅಲ್ಲ. Text to Columns ಒಳಗೆ DMY ಆರಿಸಿದರೆ ಸರಿಹೋಗುತ್ತದೆ.

ಜಾಸ್ತಿ ಕಾಟ ಕೊಟ್ಟದ್ದು ಸೊನ್ನೆ. ಕೈಯಲ್ಲಿ ಟೈಪ್ ಮಾಡುವವರು ೦ ಬದಲು ಅನುಸ್ವಾರ ಒತ್ತುತ್ತಾರೆ. ಅಚ್ಚಿನಲ್ಲಿ ಎರಡೂ ಒಂದೇ ಥರ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಹಾಗಂತ Replace All ಒತ್ತಿದರೆ ಇನ್ನೊಂದು ಕೇಡು: ಸೆಪ್ಟೆಂಬರ್, ನವೆಂಬರ್, ಡಿಸೆಂಬರಿನ ನಡುವೆ ಅನುಸ್ವಾರವೇ ಇರಬೇಕು, ಅಲ್ಲೂ ಸೊನ್ನೆ ಹೋಗಿ ಕೂರುತ್ತದೆ. ಅನುಮಾನ ಬಂದ ಅಕ್ಷರಕ್ಕೆ `UNICODE` ಹಾಕಿ ನೋಡಿ. ಅನುಸ್ವಾರಕ್ಕೆ 3202 ಬರುತ್ತದೆ, ಸೊನ್ನೆಗೆ 3302. ಸರಿಯಾಗಿ ನೂರರ ಅಂತರ, ಮರೆಯುವ ಮಾತೇ ಇಲ್ಲ. ಮುನ್ನೂರೈವತ್ತು ಸಾಲನ್ನು ಒಂದೇ ನೋಟದಲ್ಲಿ ಹಿಡಿಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ನೋಡಿ.

ಸುಮ್ನೆ ಇರಲಾರದೆ ಶಕವರ್ಷವನ್ನೂ ಪ್ರಯೋಗ ಮಾಡಿದೆ. ಸರ್ಕಾರದ ರಾಷ್ಟ್ರೀಯ ಪಂಚಾಂಗದಲ್ಲಿ ಚೈತ್ರ ೧ ಅಂದರೆ ಮಾರ್ಚ್ 22, ಅಧಿಕ ವರ್ಷದಲ್ಲಿ 21. ಲೆಕ್ಕ ಸುಲಭ. ಆದರೆ 2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಸರ್ಕಾರಿ ಲೆಕ್ಕದಲ್ಲಿ ಆ ದಿನ ಚೈತ್ರ ೯, ಊರಿನವರಿಗೆ ಚೈತ್ರ ಶುದ್ಧ ಪಾಡ್ಯ. ಒಂದೇ ಹೆಸರಿನ ಎರಡು ಚೈತ್ರ ಇಟ್ಟುಕೊಂಡು ಸಾಲದ ಗಡುವು ಹೇಳಿದರೆ ಜಗಳ ಖಾತ್ರಿ. ಕೈಬಿಟ್ಟೆ.

ಅಕ್ಷರದ ಅಳತೆ 13ಕ್ಕಿಂತ ಇಳಿಸಬೇಡಿ. ಜೆರಾಕ್ಸಿನ ಜೆರಾಕ್ಸಿನಲ್ಲಿ ೧ರ ಬಾಯಿ ಮುಚ್ಚಿ ೦ ಥರ ಕಾಣುತ್ತದೆ. ಪಕ್ಕದಲ್ಲಿ ವಾರದ ಹೆಸರು ಇದ್ದರೆ ಅಂಥ ಹೊತ್ತಿನಲ್ಲಿ ತಾಳೆ ನೋಡಬಹುದು. ಇನ್ನು UNICHAR ಎಕ್ಸೆಲ್ 2013ರಿಂದ ಈಚೆಗೆ ಮಾತ್ರ ಇದೆ. ಹಳೆಯದಿದ್ದರೆ ೦೧ರಿಂದ ೩೧ರವರೆಗೆ ಇನ್ನೊಂದು ಪಟ್ಟಿ ಟೈಪ್ ಮಾಡಿ, ತಿಂಗಳಿನ ಹಾಗೆಯೇ INDEXನಿಂದ ತನ್ನಿ.