ಪೊಟ್ಟಣ ಬಂದಾಗ ಮೊದಲು ಗಡಿಯಾರ ನೋಡಿ

ಹೋಟೆಲ್ ಊಟ ಬಾಗಿಲಿಗೆ ಬಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಮುಚ್ಚಳ ತೆಗೆದು ಮೂಸುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಮೂಸಿದರೆ ಹಳಸಿದ್ದು ಗೊತ್ತಾಗಬಹುದು, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆದದ್ದು ಗೊತ್ತಾಗುವುದಿಲ್ಲ. ಅವು ಬೆಳೆದ ಊಟಕ್ಕೆ ವಾಸನೆಯೂ ಇರದೆ ಇರಬಹುದು, ರುಚಿಯೂ ಕೆಟ್ಟಿರದೆ ಇರಬಹುದು.

ಆ ಜೀವಿಗಳಿಗೆ ಇಷ್ಟವಾದ ಬಿಸಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನದು. ಬೇಯಿಸಿದ ಊಟ ಈ ನಡುವೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಹೊರಗೆ 32 ಡಿಗ್ರಿ ದಾಟಿದ ಸೆಖೆ ಇದ್ದರೆ ಒಂದೇ ಗಂಟೆ. ಈ ಲೆಕ್ಕ ಶುರುವಾಗುವುದು ಊಟ ನಿಮ್ಮ ಕೈ ಸೇರಿದಾಗ ಅಲ್ಲ, ಒಲೆಯಿಂದ ಇಳಿದಾಗ. ಅದು ಯಾವಾಗ ಇಳಿಯಿತು ಅಂತ ನಮಗೆ ಹೇಗೆ ಗೊತ್ತಾಗಬೇಕು? ಡೆಲಿವರಿ ಹುಡುಗ ಹೋಟೆಲಿನಿಂದ ಎತ್ತಿಕೊಂಡ ಹೊತ್ತು ಆ್ಯಪ್‌ನಲ್ಲಿ ಇರುತ್ತದೆ. ಅದಕ್ಕಿಂತ ಹತ್ತು ನಿಮಿಷ ಮುಂಚೆಯಿಂದ ನಾನು ಎಣಿಸುತ್ತೇನೆ.

ಸೀಲ್ ನೋಡುವುದಕ್ಕೆ ಒಂದು ನಿಮಿಷ ಸಾಕು, ಆದರೆ ಹುಡುಗ ಹೊರಡುವ ಮುಂಚೆ ನೋಡಬೇಕು. ಒಮ್ಮೆ ಎಬ್ಬಿಸಿ ಮತ್ತೆ ಅಂಟಿಸಿದ ಸ್ಟಿಕ್ಕರ್ ಅಂಚಿನಲ್ಲಿ ಸುಕ್ಕಾಗಿರುತ್ತದೆ, ಅಂಟಿನಲ್ಲಿ ಕಾಗದದ ನಾರು ಸಿಕ್ಕಿಕೊಂಡಿರುತ್ತದೆ. ಪಿನ್ ಹೊಡೆದ ಚೀಲದಲ್ಲಿ ಖಾಲಿ ತೂತುಗಳಿದ್ದರೂ ಅನುಮಾನ ಪಡಿ. ಸೀಲ್ ಒಡೆದಿದ್ದರೆ ಫೋಟೊ ತೆಗೆದು ವಾಪಸ್ ಕೊಡಿ. ಬೇರೆಯವರ ಕೈ ಬಿದ್ದ ಊಟವನ್ನು ಬಿಸಿ ಮಾಡಿ ಸರಿಮಾಡುವುದಕ್ಕೆ ಆಗುವುದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅನ್ನ, ಮಾಂಸದ ಸಾರು, ಕ್ರೀಮ್ ಹಾಕಿದ ತರಕಾರಿ ಸಲಾಡ್ ತರಿಸಿದ್ದೆವು. 7:50ಕ್ಕೆ ಹೋಟೆಲ್ ಬಿಟ್ಟ ಊಟ ಬಂದದ್ದು 9:10ಕ್ಕೆ. ಪಾಪ, ಹುಡುಗನ ಗಾಡಿ ಪಂಕ್ಚರ್ ಆಗಿತ್ತಂತೆ. ನನ್ನ ಲೆಕ್ಕದಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಅಡುಗೆ ಥರ್ಮಾಮೀಟರ್‌ನ ಕಡ್ಡಿಯನ್ನು ಒಂದೊಂದರ ನಟ್ಟನಡುವೆ ಚುಚ್ಚಿದೆ, ಪ್ರತಿ ಸಲ ತೊಳೆದು ಒರೆಸಿಕೊಂಡೆ. ಸಾರು 52, ಅನ್ನ 44, ಸಲಾಡ್ 19.

"ಬಿಸಿ ಮಾಡಿದರೆ ಸಾಕು ಅಲ್ವಾ ಅತ್ತೆ?" ಅಂದಳು ಸೊಸೆ. ಎರಡು ಗಂಟೆ ಆಗಿರಲಿಲ್ಲ, ಹಾಗಾಗಿ ಸಾಕು. ಆದರೆ ಬೆಚ್ಚಗೆ ಮಾಡಿದರೆ ಸಾಲದು, ನಡುಭಾಗ 75 ಡಿಗ್ರಿ ಮುಟ್ಟಬೇಕು. ಸಾರನ್ನು ಪಾತ್ರೆಗೆ ಸುರಿದು ಮಗುಚುತ್ತಾ ಕೊತಕೊತ ಕುದಿಸಿದೆವು. ಅನ್ನಕ್ಕೆ ನೀರು ಚಿಮುಕಿಸಿ, ಮುಚ್ಚಿ ಮೈಕ್ರೋವೇವ್‌ನಲ್ಲಿಟ್ಟು, ಅರ್ಧದಲ್ಲಿ ತೆಗೆದು ಕಲಸಿ ಮತ್ತೆ ಇಟ್ಟೆವು. ಕಲಸದಿದ್ದರೆ ಅಂಚು ಸುಡುತ್ತಿರುತ್ತದೆ, ನಡುವೆ ತಣ್ಣಗೇ ಉಳಿಯುತ್ತದೆ. ಸಲಾಡ್‌ಗೆ ಇನ್ನೂ ಅರ್ಧ ಗಂಟೆ ಗಡುವು ಇತ್ತು ನಿಜ. ಆದರೆ ಬಿಸಿ ಸಾರಿನ ಪಕ್ಕದಲ್ಲೇ ಕೂತು ಬಂದದ್ದು, ಬಿಸಿ ಮಾಡುವಂಥದ್ದೂ ಅಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗು ಬೇರೆ. ನಾನು ಎಸೆದೆ.

ಮಗ ಬರುವುದು ಹನ್ನೊಂದಕ್ಕೆ. ಅವನ ಪಾಲನ್ನು ಬಿಸಿ ಮಾಡುವ ಮೊದಲೇ ಅಗಲದ ಡಬ್ಬಿಗಳಲ್ಲಿ ತೆಳುವಾಗಿ ಹರಡಿ ಫ್ರಿಜ್‌ಗೆ ಹಾಕಿದೆ. ಸುಮ್ನೆ ಮೇಜಿನ ಮೇಲೆ ಮುಚ್ಚಿಟ್ಟಿದ್ದರೆ ಎರಡು ಗಂಟೆ ಅಲ್ಲೇ ದಾಟಿಬಿಡುತ್ತಿತ್ತು. ಅವನು ಬಂದ ಮೇಲೆ ಒಂದೇ ಸಲ ಬಿಸಿ ಮಾಡಿ ಬಡಿಸಿದ್ದು, ಉಳಿದದ್ದನ್ನು ಮತ್ತೆ ಎತ್ತಿಡಲಿಲ್ಲ.

ಅದೇ ಊಟ ಹತ್ತು ಗಂಟೆಗೆ ಬಂದಿದ್ದರೆ ಪೂರ್ತಿ ಬೇಡ ಅನ್ನುತ್ತಿದ್ದೆ. ಮುಖ್ಯವಾಗಿ ಅನ್ನದ ದೆಸೆಯಿಂದ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೇಯುವ ಬಿಸಿಗೆ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಕೂತರೆ ಮೊಳೆತು, ವಾಂತಿ ತರಿಸುವ ವಿಷ ಮಾಡುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ.

ಥರ್ಮಾಮೀಟರ್ ಇಲ್ಲದವರು ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ. ಹಿಡಿಯಲಾಗದಷ್ಟು ಸುಡುತ್ತಿದ್ದು, ಮುಚ್ಚಳ ತೆಗೆದಾಗ ಹಬೆ ಏಳುತ್ತಿದ್ದರೆ ಆಗಲೇ ಉಣ್ಣಬಹುದು. ಹಾಯಾಗಿ ಹಿಡಿದುಕೊಳ್ಳುವಷ್ಟು ಬೆಚ್ಚಗಿದ್ದರೆ ಆಗಲೇ ಒಲೆಯ ಮೇಲಿಡಿ. ಮುಚ್ಚಳದ ಒಳಗಿನ ನೀರಹನಿ ನೋಡಿ ಬಿಸಿಯಿದೆ ಅಂದುಕೊಳ್ಳಬೇಡಿ, ಊಟ ಆರಿದ ಮೇಲೂ ಅದು ಹಾಗೇ ಇರುತ್ತದೆ.