ಒಂದೇ ಚೀಟಿ ಎರಡು ಸಲ ಹತ್ತಿದೆಯಾ? ಎಕ್ಸೆಲ್‌ನಲ್ಲಿ ಹೀಗೆ ಹಿಡಿಯಿರಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಸೀಸನ್ ಜೋರಾದಾಗ ಚೀಟಿಗಳು ಕಂತೆ ಕಂತೆಯಾಗಿ ಲೆಕ್ಕದ ಮೇಜಿಗೆ ಬರುತ್ತವೆ. ನಾನು ಲೆಕ್ಕ ಬರೆಯುತ್ತಿದ್ದ ಕಡೆ ಒಮ್ಮೆ 42 ಬಾಕ್ಸ್‌ನ ಒಂದು ಚೀಟಿ ಎರಡು ಸಲ ಹತ್ತಿ, ರೈತರೊಬ್ಬರಿಗೆ ದುಡ್ಡೂ ಎರಡು ಸಲ ಹೋಯಿತು. ಅದನ್ನು ವಾಪಸ್ ಕೇಳುವುದು ಎಷ್ಟು ಕಷ್ಟ ಅಂತ ಕೇಳಿದವರಿಗೇ ಗೊತ್ತು.

ಎಕ್ಸೆಲ್‌ನಲ್ಲಿ ಡಬಲ್ ಆದವಕ್ಕೆ ಬಣ್ಣ ಹಚ್ಚುವ ಸೌಲಭ್ಯ ಇದೆ, ನಿಜ. ಆದರೆ ಅದು ಮೊದಲನೆಯದಕ್ಕೂ ಬಣ್ಣ ಬಳಿಯುತ್ತದೆ. ಮೊದಲ ಎಂಟ್ರಿ ಸರಿಯಾದದ್ದೇ ಅಲ್ವಾ? ನಮಗೆ ಬೇಕಿರುವುದು ಎರಡನೆಯದು, ಮೂರನೆಯದು ಮಾತ್ರ.

ಚೀಟಿ ನಂಬರ್ B ಕಾಲಂನಲ್ಲಿದೆ, ಮೊದಲ ಸಾಲು ತಲೆಬರಹ ಎಂದುಕೊಳ್ಳಿ. ಪಕ್ಕದ ಖಾಲಿ ಕಾಲಂನ ಎರಡನೇ ಸಾಲಿನಲ್ಲಿ ಹೀಗೆ ಬರೆಯಿರಿ:

```
=IF(COUNTIF($B$2:B2,B2)>1,"ಡಬಲ್","")
```

ಎಂಟರ್ ಒತ್ತಿ, ಆ ಸೆಲ್ಲಿನ ಮೂಲೆ ಹಿಡಿದು ಕೊನೆಯವರೆಗೆ ಎಳೆಯಿರಿ.

ಗುಟ್ಟೆಲ್ಲ ಡಾಲರ್ ಗುರುತಿನಲ್ಲಿದೆ. $B$2 ಗೂಟಕ್ಕೆ ಕಟ್ಟಿದ ಹಾಗೆ ಅಲ್ಲೇ ನಿಲ್ಲುತ್ತದೆ. ಕೋಲನ್ ಆಚೆಯ B2 ಮಾತ್ರ ಕೆಳಗಿಳಿಯುತ್ತದೆ. K-4112 ಎಂಬ ಚೀಟಿ 2, 4 ಮತ್ತು 6ನೇ ಸಾಲಿನಲ್ಲಿದೆ ಎನ್ನಿ. 2ನೇ ಸಾಲಿನಲ್ಲಿ ಎಣಿಕೆ 1, ಹಾಗಾಗಿ ಸುಮ್ಮನಿರುತ್ತದೆ. 4ನೇ ಸಾಲಿನಲ್ಲಿ $B$2:B4 ಒಳಗೆ ಎಣಿಸಿದರೆ 2, ‘ಡಬಲ್’ ಬೀಳುತ್ತದೆ. 6ರಲ್ಲಿ 3, ಅಲ್ಲೂ ‘ಡಬಲ್’. ಪ್ರತಿ ಸಾಲೂ ತನ್ನ ಮೇಲಿನವರನ್ನೂ ತನ್ನನ್ನೂ ಮಾತ್ರ ಎಣಿಸುತ್ತದೆ, ಕೆಳಗೆ ನೋಡುವುದೇ ಇಲ್ಲ.

ಎರಡೂ ಕಡೆ ಡಾಲರ್ ಹಾಕಿ $B$2:$B$6 ಮಾಡಿದರೆ ಮೂರೂ ಸಾಲಿಗೆ ‘ಡಬಲ್’ ಬರುತ್ತದೆ. ಡಾಲರ್ ಪೂರ್ತಿ ಮರೆತರೆ ಪ್ರತಿ ಸಾಲೂ ತನ್ನನ್ನೇ ಎಣಿಸಿಕೊಂಡು, ಒಂದೂ ಸಿಗುವುದಿಲ್ಲ. ಇದು ಜಾಸ್ತಿ ಅಪಾಯ, ಪಟ್ಟಿ ಶುದ್ಧವಾಗಿದೆ ಅಂತ ನಂಬಿಬಿಡುತ್ತೇವೆ. ಅದಕ್ಕೇ ನಾನು ಮೊದಲು ಬೇಕೆಂದೇ ಒಂದು ನಂಬರ್ ಎರಡು ಸಲ ಹೊಡೆದು ನೋಡುತ್ತೇನೆ. ಸಿಕ್ಕಿತೆಂದರೆ ಅದನ್ನು ಅಳಿಸಿ ಮುಂದೆ ಹೋಗುತ್ತೇನೆ.

ಇಷ್ಟಾದರೂ ಕಣ್ಣಿಗೆ ಕಾಣುವ ಡಬಲ್ ಸಿಗಲಿಲ್ಲವೇ? ನಂಬರಿನ ಕೊನೆಗೆ ಸ್ಪೇಸ್ ಸೇರಿರಬಹುದು. =LEN(B6) ಹಾಕಿ ನೋಡಿ. K-4112 ಗೆ 6 ಬರಬೇಕು, 7 ಬಂದರೆ ಬಹುತೇಕ ಸ್ಪೇಸ್ ಸೇರಿರುತ್ತದೆ. ಬೇರೆ ಕಾಲಂನಲ್ಲಿ =TRIM(B2) ಹಾಕಿ ಎಳೆದು, ಬಂದದ್ದನ್ನು ಕಾಪಿ ಮಾಡಿ, B ಕಾಲಂ ಮೇಲೆ ಬರೀ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ.

ಹೊಸ ಚೀಟಿ ಪುಸ್ತಕದಲ್ಲಿ ನಂಬರ್ ಮತ್ತೆ 1ರಿಂದ ಶುರುವಾಗುವುದಾದರೆ ನಂಬರ್ ಒಂದೇ ಸಾಲದು. A ಕಾಲಂನಲ್ಲಿರುವ ತಾರೀಖನ್ನೂ ಜೊತೆಗೆ ಸೇರಿಸಿ:

```
=IF(COUNTIFS($A$2:A2,A2,$B$2:B2,B2)>1,"ಡಬಲ್","")
```

‘ಡಬಲ್’ ಬಿದ್ದ ಸಾಲನ್ನು ಕೂಡಲೇ ಅಳಿಸಬೇಡಿ. ಫಿಲ್ಟರ್ ಹಾಕಿ, ಆ ಚೀಟಿಯ ಕಾಗದ ತೆಗೆದು ಹೆಸರು, ಬಾಕ್ಸ್, ರೇಟು ತಾಳೆ ನೋಡಿ. 4121 ಅಂತ ಹೊಡೆಯುವ ಕಡೆ 4112 ಬಿದ್ದಿದ್ದರೆ, ಅದು ಬೇರೊಬ್ಬ ರೈತರ ದುಡ್ಡು.