ಲಕ್ಕುಂಡಿಯಿಂದ ಹಂಪಿಗೆ: ಹೊಂಡದ ಗೋಡೆಯ ಮೇಲೆ ನೀರಿನ ಗೆರೆ ಹುಡುಕುತ್ತಾ

ನಾನು ಕಟ್ಟಡದ ಕೆಲಸ ಮಾಡಿಸುವವನು. ಹಿಂದೊಮ್ಮೆ ಒಂದು ಮನೆಯ ಹಿಂಬದಿಗೆ ಮಣ್ಣು ತಡೆಯಲು ಕಲ್ಲಿನ ಗೋಡೆ ಕಟ್ಟಿಸಿದ್ದೆ. ಸಂದಿಗಳಿಗೆಲ್ಲ ಗಟ್ಟಿಯಾಗಿ ಸಿಮೆಂಟ್ ತುಂಬಿಸಿದೆ. ಹಿಂದಿನ ನೀರು ಬಸಿದು ಹೋಗಲು ತೂತು ಬಿಡಿಸುವುದನ್ನು ಮರೆತೆ. ಮೊದಲ ಮಳೆಗಾಲಕ್ಕೇ ಗೋಡೆಗೆ ಹೊಟ್ಟೆ ಬಂತು. ಬಿಚ್ಚಿ ಮತ್ತೆ ಕಟ್ಟಿಸಿದೆ, ಖರ್ಚು ನನ್ನದೇ. ಆಮೇಲಿಂದ ಹಳೇ ಬಾವಿ, ಪುಷ್ಕರಣಿ ಎಲ್ಲಿ ಕಂಡರೂ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ.

ಹೋದ ಮಾರ್ಚ್‌ನಲ್ಲಿ ಮೂರು ದಿನ ರಜೆ ಹಾಕಿ ಬೈಕಿನಲ್ಲಿ ಹೊರಟೆ. ಗದಗದಿಂದ ಲಕ್ಕುಂಡಿ, ಅಲ್ಲಿಂದ ಬಾದಾಮಿ ಹತ್ತಿರದ ಮಹಾಕೂಟ, ಕೊನೆಗೆ ಹಂಪಿ. ಈ ಮೂರನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಮೂರು ಕಡೆಗೂ ನೀರು ಬರುವ ದಾರಿ ಬೇರೆ ಬೇರೆ. ಒಂದು ಕಡೆ ನೆಲದಿಂದ ಒಸರುತ್ತದೆ, ಇನ್ನೊಂದು ಕಡೆ ಬುಗ್ಗೆಯಾಗಿ ಬರುತ್ತದೆ, ಮತ್ತೊಂದು ಕಡೆಗೆ ನೀರನ್ನು ಹೊರಗಿನಿಂದ ತರಬೇಕಿತ್ತು.

ಲಕ್ಕುಂಡಿ ಗದಗದಿಂದ ಹನ್ನೆರಡು ಕಿಲೋಮೀಟರ್ ಇರಬಹುದು. ಅಲ್ಲಿ ಬಾವಿಗಳಿಗೆ ಬರವಿಲ್ಲ, ನಾನು ಹೋಗಿದ್ದು ಮಾಣಿಕೇಶ್ವರ ಗುಡಿಗೆ ಅಂಟಿಕೊಂಡ ಮುಸುಕಿನ ಬಾವಿಗೆ. ಒಂದು ಕಡೆ ಗುಡಿ, ಉಳಿದ ಕಡೆಗಳಿಂದ ಮೆಟ್ಟಿಲು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಗೂಡುಗಳು, ಪ್ರತಿಯೊಂದರ ತಲೆಯ ಮೇಲೂ ಚಿಕ್ಕದೊಂದು ಶಿಖರ. ಬಂದವರೆಲ್ಲ ಅವುಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ಚೆಂದವೇ, ಅನುಮಾನವಿಲ್ಲ. ಆದರೆ ನೀರಿನ ವಿಷಯ ತಿಳಿಯಬೇಕಾದರೆ ಕೆಳಗಿನ ಮೆಟ್ಟಿಲುಗಳ ಬಣ್ಣ ನೋಡಬೇಕು.

ಒಸರುವ ನೀರಿನ ಬಾವಿಯಲ್ಲಿ ಮಳೆಗಾಲ ಮುಗಿದಾಗ ನೀರು ಮೇಲಿರುತ್ತದೆ, ಬೇಸಿಗೆಗೆ ಕೆಳಗಿಳಿಯುತ್ತದೆ. ಹಾಗಾಗಿ ಕಲ್ಲಿನ ಮೇಲೆ ಒಂದೇ ಗೆರೆ ಇರುವುದಿಲ್ಲ, ಅಗಲವಾದ ಪಟ್ಟಿ ಇರುತ್ತದೆ. ನಾನು ಕಂಡಿದ್ದೂ ಅದೇ. ಮೇಲೆ ಬಿಸಿಲಿಗೆ ಒಣಗಿ ಬೆಳ್ಳಗಾದ ಕಲ್ಲು, ಕೆಳಗೆ ಒಣಗಿದ ಪಾಚಿಯ ಕಂದು ಬಣ್ಣ, ಅದರ ಕೆಳಗೆ ಹಸಿ ಪಾಚಿ, ಆಮೇಲೆ ನೀರು. ಪಾಚಿ ಶುರುವಾಗುವ ಮೆಟ್ಟಿಲಿನಿಂದ ನೀರಿನವರೆಗೆ ಎಣಿಸಿದೆ, ಐದು ಮೆಟ್ಟಿಲು. ನನ್ನ ಗೇಣು 22 ಸೆಂಟಿಮೀಟರ್ ಅಂತ ಮನೆಯಲ್ಲೇ ಅಳೆದಿಟ್ಟುಕೊಂಡಿದ್ದೆ. ಮೆಟ್ಟಿಲಿನ ಎತ್ತರ ಒಂದು ಗೇಣು, ಮೇಲೆ ಎರಡು ಬೆರಳು. ಅಂದರೆ 25 ಅಂತಿಟ್ಟುಕೊಳ್ಳಿ. ಮಳೆಗಾಲದಿಂದ ಆ ಹೊತ್ತಿಗೆ ನೀರು ಹತ್ತಿರ ಹತ್ತಿರ ಸವಾ ಮೀಟರ್ ಇಳಿದಿತ್ತು. ಒಂದೇ ಮೆಟ್ಟಿಲು ಅಳೆದು ಗುಣಿಸಬೇಡಿ, ಹಳೇ ಮೆಟ್ಟಿಲುಗಳು ಒಂದರಂತೆ ಒಂದು ಇರುವುದಿಲ್ಲ. ಮೂರ್ನಾಲ್ಕು ಅಳೆದು ಸರಾಸರಿ ಹಿಡಿಯಿರಿ.

ನಾನು ಕೂತು ಗೇಣು ಹಾಕುತ್ತಿದ್ದುದನ್ನು ಮೇಲಿಂದ ಒಬ್ಬ ಅಜ್ಜಿ ನೋಡುತ್ತಿದ್ದಳು.

"ಏನಪಾ ತಮ್ಮಾ, ಕಲ್ಲಿಗೆ ಅಂಗಿ ಹೊಲಸ್ತಿ ಏನು?"

"ಇಲ್ಲಬೇ ಯಮ್ಮಾ, ನೀರು ಎಷ್ಟು ಇಳದೈತಿ ಅಂತ ನೋಡಾಕತ್ತೇನಿ."

"ಅದನ್ನ ನನ್ನ ಕೇಳಿದ್ರ ಹೇಳತಿದ್ನೆಲ್ಲ" ಅಂದಳು. ದೀಪಾವಳಿ ಹೊತ್ತಿಗೆ ನೀರು ಎಲ್ಲಿತ್ತು ಅಂತ ಕೋಲು ಚಾಚಿ ತೋರಿಸಿದಳು. ನಾನು ಹಿಡಿದಿದ್ದ ಮೆಟ್ಟಿಲಿಗಿಂತ ಒಂದು ಮೇಲೆ! ಅಲ್ಲಿ ನೀರು ಪಾಚಿ ಕಟ್ಟುವಷ್ಟು ದಿನ ನಿಂತಿರಲಿಕ್ಕಿಲ್ಲ. ಪಟ್ಟಿ ನೋಡಿ ಲೆಕ್ಕ ಹಾಕಿದರೆ ಇಷ್ಟು ತಪ್ಪುವುದುಂಟು. ಊರಿನವರು ಯಾರಾದರೂ ಸಿಕ್ಕರೆ ಮೊದಲು ಅವರನ್ನೇ ಕೇಳುವುದು ಒಳ್ಳೆಯದು.

ಇನ್ನು ಸಂದಿಗಳ ವಿಷಯ. ಇಂಥ ಬಾವಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿರುತ್ತಾರೆ, ನಡುವೆ ಗಾರೆ ಇರುವುದಿಲ್ಲ. ಗೋಡೆ ಹಿಂದಿನ ಒಸರು ಸಂದಿಗಳಿಂದಲೇ ಒಳಗೆ ಬರುತ್ತದೆ. ಬಾವಿಯ ನೀರು ಇಳಿದಾಗ ಗೋಡೆ ಹಿಂದೆ ನಿಂತಿದ್ದ ನೀರೂ ಅದೇ ದಾರಿಯಲ್ಲಿ ಇಳಿದುಬಿಡುತ್ತದೆ, ಗೋಡೆಯನ್ನು ತಳ್ಳುವುದಿಲ್ಲ. ದುರಸ್ತಿ ಅಂತ ಹೇಳಿ ಸಂದಿಗೆ ಸಿಮೆಂಟ್ ಮೆತ್ತಿದರೆ ನನ್ನ ಗೋಡೆಗೆ ಆದದ್ದೇ ಇದಕ್ಕೂ ಆಗುತ್ತದೆ. ಯಾವ ಬಾವಿಗೆ ಹೋದರೂ ಮೂಲೆಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಗೋಡೆಯ ಉದ್ದಕ್ಕೆ ನೋಡಿ. ಹೊಟ್ಟೆ ಬಂದಿದ್ದರೆ ತಕ್ಷಣ ಕಾಣುತ್ತದೆ. ಸಂದಿಯಲ್ಲಿ ಅರಳಿ ಗಿಡ ಇದೆಯಾ ಅಂತಲೂ ನೋಡಿ, ಅದರ ಬೇರು ಒಳಗೇ ದಪ್ಪವಾಗಿ ಕಲ್ಲನ್ನು ಸರಿಸುತ್ತದೆ.

ಮಹಾಕೂಟದಲ್ಲಿ ಕಥೆಯೇ ಬೇರೆ. ಚಾಲುಕ್ಯರ ಗುಡಿಗಳ ನಡುವೆ ಮರಗಳ ನೆರಳಲ್ಲಿ ವಿಷ್ಣು ಪುಷ್ಕರಣಿ. ನೀರೊಳಗೆ ಒಂದು ಸಣ್ಣ ಮಂಟಪ, ಅದರಲ್ಲಿ ಪಂಚಮುಖ ಲಿಂಗ. ಹುಡುಗರು ಧುಮುಕುತ್ತಿದ್ದರು, ಆ ಬಿಸಿಲಿಗೆ ನನಗೂ ಹೊಟ್ಟೆಕಿಚ್ಚಾಯಿತು. ಇಲ್ಲಿನ ಗೋಡೆಯಲ್ಲಿ ಪಟ್ಟಿ ಹುಡುಕಿದರೆ ಸಿಕ್ಕಿದ್ದು ಸಣ್ಣದೊಂದು ಗೆರೆ, ನೀರಿನ ಮಟ್ಟಕ್ಕೆ ಅಂಟಿದಂತೆ. ಬುಗ್ಗೆಯ ಹೊಂಡದ ಗುರುತು ಅದೇ. ಸುತ್ತಲಿನ ಗುಡ್ಡಗಳು ಮರಳುಗಲ್ಲಿನವು. ಅವುಗಳ ಬಿರುಕಲ್ಲಿ ಇಳಿದ ಮಳೆನೀರು ಬುಡದಲ್ಲಿ ಹೊರಬರುತ್ತದೆ. ಹೊಂಡ ತುಂಬಿ ಹೆಚ್ಚಾದದ್ದು ಹರಿದು ಹೋಗುವುದರಿಂದ ಮಟ್ಟ ಅಷ್ಟಾಗಿ ಬದಲಾಗುವುದಿಲ್ಲ.

ನೀರು ನಿಂತಂತೆ ಕಂಡರೂ ಹರಿಯುತ್ತಿರುತ್ತದೆ, ಅದನ್ನು ನೋಡಲು ಒಂದು ಒಣ ಎಲೆ ಸಾಕು. ಹುಡುಗರು ಮೇಲೆ ಬಂದು ನೀರು ತಿಳಿಯಾಗುವವರೆಗೆ ಕಾದು ಎಲೆ ಬಿಟ್ಟೆ. ಸ್ವಲ್ಪ ಹೊತ್ತು ಅಲ್ಲೇ ತಿರುಗಿ, ಆಮೇಲೆ ಒಂದು ಕಡೆಗೆ ಮೆಲ್ಲಗೆ ಸರಿಯಿತು. ಗಾಳಿಯಿಂದಲೂ ಹಾಗಾಗಬಹುದಲ್ವಾ? ಅದಕ್ಕೇ ಮೂರು ಜಾಗದಿಂದ ಬಿಟ್ಟು ನೋಡಿದೆ. ಅಷ್ಟರಲ್ಲಿ ಹುಡುಗನೊಬ್ಬ ಬಂದು, "ಅಣ್ಣಾರ, ಎಲಿ ನೋಡಾಕ ಇಷ್ಟು ದೂರ ಬಂದೀರೇನ್ರಿ?" ಅಂದ. ಏನು ಹೇಳುವುದು!

ದಾರಿಯಲ್ಲಿ ಬನಶಂಕರಿಯ ಹರಿದ್ರಾತೀರ್ಥಕ್ಕೂ ಹೋಗಿದ್ದೆ. ಕಂಬಸಾಲಿನ ಮಂಟಪಗಳು ಸುತ್ತುವರಿದ ಭಾರಿ ಹೊಂಡ, ನಾನು ಹೋದಾಗ ಒಣಗಿತ್ತು. ತಳ ನೋಡಲು ಸಿಕ್ಕಿತು ಅನ್ನುವುದೊಂದೇ ಲಾಭ.

ಹಂಪಿಯಲ್ಲಿ ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಗೆ ಅರ್ಧ ದಿನ ಕೊಟ್ಟೆ. ಇದು ಮಣ್ಣಡಿ ಮುಚ್ಚಿಹೋಗಿತ್ತು, 1980ರ ದಶಕದ ಉತ್ಖನನದಲ್ಲಿ ಹೊರಬಂತು. ಸುತ್ತ ಎಲ್ಲಿ ನೋಡಿದರೂ ಗ್ರಾನೈಟು, ಇದು ಮಾತ್ರ ನುಣುಪಾದ ಕಪ್ಪು ಕಲ್ಲು. ಒಂದರ ಕೆಳಗೊಂದು ಐದು ಹಂತ. ಪ್ರತಿ ಹಂತದಲ್ಲೂ ಎಡಕ್ಕೂ ಬಲಕ್ಕೂ ಇಳಿಯುವ ಪುಟ್ಟ ಮೆಟ್ಟಿಲುಗಳು, ನೀರು ಎಷ್ಟೇ ಇರಲಿ ಕೈಗೆ ಸಿಗಲಿ ಅಂತ. ನನ್ನ ಕಣ್ಣಿಗೆ ಇನ್ನೊಂದು ಉಪಯೋಗವೂ ಕಂಡಿತು. ಒಂದೇ ಎತ್ತರದ ಗೋಡೆ ಕಟ್ಟಿದರೆ ಹಿಂದಿನ ಮಣ್ಣಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಇಲ್ಲಿ ಐದು ಗಿಡ್ಡ ಗೋಡೆಗಳು ಒಂದೊಂದೇ ಹಿಂದಕ್ಕೆ ಸರಿದು ನಿಂತು ಭಾರ ಹಂಚಿಕೊಂಡಿವೆ.

ಈ ಕಲ್ಲುಗಳನ್ನು ಬೇರೆ ಕಡೆ ಕೆತ್ತಿ ತಂದು ಜೋಡಿಸಿದ್ದಾರೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ ಕಲ್ಲಿನ ಮೇಲೇ ಗುರುತು ಕೆತ್ತಿದ್ದಾರೆ. ಗ್ರಾನೈಟ್ ತುಂಡುಗಳಿಗೆ ನಾವು ಸೀಮೆಸುಣ್ಣದಲ್ಲಿ ನಂಬರ್ ಬರೆದು ಸೈಟಿಗೆ ಕಳಿಸುತ್ತೇವಲ್ಲ, ಅದೇ ಕೆಲಸ. ನಾನು ಹೋದಾಗ ಕೆಳಗಿಳಿಯಲು ಬಿಡಲಿಲ್ಲ, ಬೇಲಿಯಾಚೆಯಿಂದ ಕ್ಯಾಮೆರಾದಲ್ಲಿ ಹತ್ತಿರ ಎಳೆದು ನೋಡಿದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಲಿಲ್ಲ. ಸಂಜೆ ನಾಲ್ಕೂವರೆಗೆ ಬೆಳಕು ಓರೆಯಾದಾಗ ಅಕ್ಷರದ ಅಂಚಿಗೆ ನೆರಳು ಬಿದ್ದು ಒಂದೊಂದೇ ಎದ್ದು ಬಂದವು.

ಇಲ್ಲಿ ನೀರಿನ ಗೆರೆ ಹುಡುಕುವುದಕ್ಕಿಂತ ಮೇಲಿನ ಅಂಚು ನೋಡಿ. ಕಂಬಗಳ ಮೇಲೆ ಕೂತ ಕಲ್ಲಿನ ತೊಟ್ಟಿಗಾಲುವೆ ಹೊಂಡದ ಕಡೆಗೆ ಬರುತ್ತದೆ, ನೀರು ಬರುತ್ತಿದ್ದದ್ದು ಅದರಿಂದ. ನಾನು ಹಿಮ್ಮುಖವಾಗಿ ಅದನ್ನೇ ಹಿಡಿದು ನಡೆದೆ. ಒಂದೊಂದು ತೊಟ್ಟಿಯೂ ಒಂದೇ ಕಲ್ಲಲ್ಲಿ ಕಡೆದದ್ದು. ಎರಡು ತೊಟ್ಟಿ ಕೂಡುವ ಜಾಗವೇ ಸೋರುವ ಜಾಗ, ಅಲ್ಲಿ ಬಗ್ಗಿ ನೋಡಿದೆ. ಮುಂದೆ ಕಾಲುವೆ ತುಂಡಾಗಿತ್ತು. ಬಿದ್ದ ಒಂದು ತೊಟ್ಟಿಯಲ್ಲಿ ಯಾರೋ ಆಡಿಗೆ ನೀರು ಹೊಯ್ದಿಟ್ಟಿದ್ದರು. ಅದು ಸೋರಿರಲಿಲ್ಲ.